ಒಬ್ಬರೋ, ಹಲವರೋ? ಫ್ರೆಂಚ್‌ಗೆ ಕಿವಿ ಪಳಗಿಸುವ ಬಗೆ

ಫ್ರೆಂಚ್ ಕಲಿಯುವವರ ಆರಂಭಿಕ ಹಂತದ ಡೆಲ್ಫ್ ಎ1 ಪರೀಕ್ಷೆಯ ಆಲಿಸುವ ಭಾಗದಲ್ಲಿ ಧ್ವನಿಮುದ್ರಿಕೆಯನ್ನು ಎರಡು ಸಲ ಕೇಳಿಸುತ್ತಾರೆ. ಮಾತಿನ ವಿಷಯ ಹಿಡಿದವರೂ ಬರುವವರು ಒಬ್ಬರೋ ಹಲವರೋ ಎಂಬಲ್ಲಿ ಎಡವುವುದುಂಟು. ಕನ್ನಡದ ಕಿವಿ ‘ಬರುತ್ತಾನೆ’, ‘ಬರುತ್ತಾರೆ’ ಎಂದು ಕ್ರಿಯಾಪದದ ಕೊನೆಗೆ ಕಾಯುತ್ತದೆ. ಫ್ರೆಂಚ್‌ನಲ್ಲಿ ಆ ಕೊನೆ ಹೆಚ್ಚಾಗಿ ಕಾಗದದ ಮೇಲಷ್ಟೇ ಇರುತ್ತದೆ.

ಮೊದಲು ಕ್ರಿಯಾಪದ ಯಾವ ಧ್ವನಿಯಿಂದ ಶುರುವಾಗುತ್ತದೆಂದು ಗಮನಿಸಿ. ‘ಇಲ್ ಪಾರ್ಲ್’ ಎಂದರೆ ಅವನು ಮಾತಾಡುತ್ತಾನೆ. ಅವರು ಮಾತಾಡುತ್ತಾರೆ ಎಂಬುದೂ ಅದೇ ‘ಇಲ್ ಪಾರ್ಲ್’. ಬಹುವಚನದಲ್ಲಿ ಬರೆಯುವ ಎಸ್ ಮತ್ತು ಇ-ಎನ್-ಟಿ ಪೂರ್ತಿ ಮೌನ. ಇಲ್ಲಿ ಕಿವಿ ಏನನ್ನೂ ತೀರ್ಮಾನಿಸಲಾರದು, ಹಿಂದಿನ ಮುಂದಿನ ವಾಕ್ಯವನ್ನೇ ನೆಚ್ಚಬೇಕು.

ಸ್ವರದಿಂದ ಶುರುವಾದರೆ ಮೌನವಾಗಿದ್ದ ಎಸ್ ಎದ್ದು ಬರುತ್ತದೆ. ಇದೇ ಲಿಯೇಜ಼ೋಂ. ‘ಇಲ್ ಅರೀವ್’ ಒಬ್ಬ ಬರುವುದು, ‘ಇಲ್ ಜ಼ರೀವ್’ ಹಲವರು ಬರುವುದು. ಈ ಜ಼ ನಮ್ಮ ‘ಜನ’ದ ಜ ಅಲ್ಲ. ಗಂಟಲಿನ ಮೇಲೆ ಬೆರಳಿಟ್ಟು ‘ಸ್ಸ್ಸ್’ ಎನ್ನಿ, ನಾಲಿಗೆ ಕದಲಿಸದೆ ಗಂಟಲು ನಡುಗಿಸಿ, ಬಂದದ್ದೇ ಜ಼. ‘ಇಲ್ ಜ಼ೋಂ’ ಎಂದರೆ ಅವರ ಬಳಿ ಇದೆ, ‘ಇಲ್ ಸೋಂ’ ಎಂದರೆ ಅವರು ಇದ್ದಾರೆ. ನಡುಕ ತಪ್ಪಿದರೆ ಅರ್ಥವೇ ಬೇರೆ.

ಮೂರನೆಯ ಸುಳಿವು ಮೂಗಿನದು, ಇದಕ್ಕೆ ಹೆಚ್ಚು ಅಭ್ಯಾಸ ಬೇಕು. ‘ಇಲ್ ವ್ಯಾಂ’ ಒಬ್ಬ, ‘ಇಲ್ ವ್ಯೆನ್’ ಹಲವರು. ನಮ್ಮ ಸೊನ್ನೆ ‘ಕಂಬ’ದಲ್ಲಿ ಮ್, ‘ಕಂದ’ದಲ್ಲಿ ನ್ ಆಗುತ್ತದೆ. ಫ್ರೆಂಚ್ ಸೊನ್ನೆ ಏನೂ ಆಗುವುದಿಲ್ಲ, ಸ್ವರವೇ ಮೂಗಿನಿಂದಲೂ ಹೊರಡುತ್ತದೆ ಅಷ್ಟೆ. ‘ಬೋಂ’ ಎಂದು ಮುಗಿಸಿ ಹಾಗೇ ನಿಲ್ಲಿ. ತುಟಿ ಮುಚ್ಚಿದ್ದರೆ, ನಾಲಿಗೆಯ ತುದಿ ಹಲ್ಲಿಗೆ ತಾಗಿದ್ದರೆ, ಅಥವಾ ಹಿಂಭಾಗ ಮೇಲೆದ್ದು ‘ಬೋಂಗ್’ ಎಂದಾಗಿದ್ದರೆ ತಪ್ಪಾಯಿತು. ‘ವ್ಯೆನ್’ನಲ್ಲಿ ಮಾತ್ರ ನಾಲಿಗೆ ತಾಗಲೇಬೇಕು, ಕಿವಿ ಕಾಯಬೇಕಾದದ್ದು ಆ ನ್‌ಗೆ.

ಈಗ ಒಂದು ಇಡೀ ವಾಕ್ಯ: ನನ್ನ ಗೆಳೆಯರಿಗೆ ಇಬ್ಬರು ಮಕ್ಕಳು. ‘ಮೆ ಜ಼ಾಮಿ ಓಂ ದ ಜ಼ಾಂಫಾಂ’. ‘ನನ್ನ’ ಎಂಬುದರ ಎಸ್ ಗೆಳೆಯರಿಗೆ ಅಂಟಿಕೊಂಡಿತು. ‘ಎರಡು’ ಎಂಬುದರ ಕೊನೆಯ ಎಕ್ಸ್ ಕೂಡ ಜ಼ ಆಗಿ ಮಕ್ಕಳಿಗೆ ಅಂಟಿತು. ಆದರೆ ‘ಆಮಿ’ ಮತ್ತು ‘ಓಂ’ ನಡುವೆ ಏನೂ ಇಲ್ಲ, ಏಕೆಂದರೆ ನಾಮಪದ ಕರ್ತೃವಾದಾಗ ಅದರ ಎಸ್ ಕ್ರಿಯಾಪದಕ್ಕೆ ಅಂಟುವುದಿಲ್ಲ. ನಿಯಮ ಕಲಿತ ಹುರುಪಿನಲ್ಲಿ ‘ಆಮಿ ಜ಼ೋಂ’ ಎನ್ನುವ ತಪ್ಪು ಮೌಖಿಕ ಪರೀಕ್ಷೆಯಲ್ಲಿ ನುಸುಳುವುದು ಹೀಗೆ. ಗೆಳೆಯರ ಬದಲು ‘ಅವರು’ ಎಂದರೆ ‘ಇಲ್ ಜ಼ೋಂ ದ ಜ಼ಾಂಫಾಂ’, ಅಂಟು ಕಡ್ಡಾಯ. ‘ಮತ್ತು’ ಎಂಬ ಅರ್ಥದ ‘ಎ’ ಪದದ ಟಿ ಮಾತ್ರ ಎಂದೂ ಬಾಯಿಗೆ ಬರುವುದಿಲ್ಲ.

ಈ ಜೋಡಿಗಳನ್ನು ಹಿಂದುಮುಂದಾಗಿಸಿ ಫ್ರೆಂಚ್ ಬಲ್ಲವರಿಂದ ಓದಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮರುದಿನ ಕೇಳುತ್ತಾ ಒಬ್ಬರಾದರೆ 1, ಹಲವರಾದರೆ 2, ತಿಳಿಯಲು ಸಾಧ್ಯವೇ ಇಲ್ಲದ ‘ಪಾರ್ಲ್’ನಂಥದಕ್ಕೆ 0 ಎಂದು ಬರೆಯಿರಿ.