ಡೇರಿ ಆ್ಯಪ್ ಬೆಳ್ಳಂಬೆಳಗ್ಗೆ ಮಲಗಿದ್ದು

ಮಂಡ್ಯ ಸುತ್ತಲಿನ ಹಾಲಿನ ಡೇರಿಗಳಿಗೆ ನಾನು ಮಾಡಿದ, ಹಾಲಿನ ಲೆಕ್ಕ ಬರೆದು ರಸೀದಿ ಕಳಿಸುವ ಆ್ಯಪ್ ಒಂದು ದಿನ ಬೆಳಗ್ಗೆ ಮಲಗಿಬಿಟ್ಟಿತು. ಕ್ಯಾನ್ ಹಿಡಿದವರ ಸಾಲು ರಸ್ತೆವರೆಗೂ. ಡೇಟಾಬೇಸ್ ನಿಧಾನವಾಗಿದ್ದು ಬರೀ 20 ಸೆಕೆಂಡು. ಆದರೆ ಉತ್ತರ ಬರದಿದ್ದರೆ ಸೆಕೆಂಡಿಗೊಮ್ಮೆ ಮತ್ತೆ ಕೇಳು ಅಂತ ನಾನೇ ಬರೆದಿದ್ದೆ! ಡೇರಿಗಳ 300 ಟ್ಯಾಬ್‌ಗಳು ಒಟ್ಟಿಗೆ ಸರ್ವರ್ ಮೇಲೆ ಮುಗಿಬಿದ್ದವು. ಸರ್ವರ್ ರೀಸ್ಟಾರ್ಟ್ ಮಾಡಿದರೆ ಎದ್ದು ಮತ್ತೆ ಬೀಳುತ್ತಿತ್ತು. ಲಾಗ್‌ನಲ್ಲಿ ಒಂದೇ ರಸೀದಿ ನಂಬರ್ 40 ಸಲ.

ಕಾಯುವ ಹೊತ್ತನ್ನು 1, 2, 4 ಸೆಕೆಂಡು ಅಂತ ದುಪ್ಪಟ್ಟು ಮಾಡಿದೆ. ಸಾಲಲಿಲ್ಲ. ಎಲ್ಲವೂ ಒಟ್ಟಿಗೇ ಕಾದು ಒಟ್ಟಿಗೇ ಬಂದವು, ಅಲ್ವಾ? ಒಂದೊಂದು ಟ್ಯಾಬ್ ಒಂದೊಂದು ಹೊತ್ತು ಕಾಯುವಂತೆ ಜಿಟರ್ ಸೇರಿಸಿದ ಮೇಲೆ ಸರ್ವರ್ ಹೊರೆಯ ಗ್ರಾಫ್ ಸಮತಟ್ಟಾಯಿತು:

```
wait = random.uniform(0, min(60, 2**n))
```

ಜೊತೆಗೆ ಸರ್ಕ್ಯೂಟ್ ಬ್ರೇಕರ್. ಸತತ 5 ಸಲ ಸೋತರೆ 30 ಸೆಕೆಂಡು ಸುಮ್ನಿರುತ್ತದೆ, ಲೆಕ್ಕ ಟ್ಯಾಬ್‌ನಲ್ಲೇ ಉಳಿಯುತ್ತದೆ. ಆಮೇಲೆ ಒಂದೇ ಒಂದು ರಸೀದಿ ಕಳಿಸಿ ನೋಡುತ್ತದೆ. ಅದಕ್ಕೆ ಉತ್ತರ ಬಂದರೆ ಮಾತ್ರ ಉಳಿದವನ್ನು ಕಳಿಸುತ್ತದೆ.