ಮಾರಿದ್ದು ನಾನಲ್ಲ: ಫ್ರೆಂಚಿನ ‘ಸೆ ಮ್ವಾ ಕಿ’ಯನ್ನು ಕನ್ನಡಕ್ಕೆ ತಂದ ಬಗೆ

ಫ್ರೆಂಚ್ ಕಥೆಗಳನ್ನು ಕನ್ನಡಕ್ಕೆ ಅನುವಾದಿಸುವಾಗ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಕಠಿಣ ಪದಗಳಲ್ಲ, ‘ಸೆ ಮ್ವಾ ಕಿ’ ಎಂಬ ಮೂರು ಪುಟ್ಟ ಪದಗಳು. ‘ಸೆ’ ಎಂದರೆ ‘ಅದು’ ಮತ್ತು ‘ಆಗಿದೆ’ ಎರಡೂ ಸೇರಿದ್ದು, ‘ಮ್ವಾ’ ಎಂದರೆ ನಾನು, ‘ಕಿ’ ಮುಂದಿನ ಕ್ರಿಯೆಯನ್ನು ಅದಕ್ಕೆ ಕೊಂಡಿ ಹಾಕುವ ಪದ. ಪದಕ್ಕೆ ಪದವಿಟ್ಟರೆ ‘ಸಹಿ ಹಾಕಿದಂಥದ್ದು ಯಾರೋ ಅದು ನಾನಾಗಿದ್ದೇನೆ’ ಎಂಬಂಥ ವಾಕ್ಯ ಹುಟ್ಟುತ್ತದೆ. ಅದನ್ನು ಓದುವ ಶಿಕ್ಷೆ ಯಾರಿಗೂ ಬೇಡ.

ಫ್ರೆಂಚರಿಗೆ ಈ ಸುತ್ತುದಾರಿ ಏಕೆ ಬೇಕು ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಅವರ ‘ಜ’, ಅಂದರೆ ಕರ್ತೃವಾಗಿ ಬರುವ ‘ನಾನು’, ಕ್ರಿಯಾಪದಕ್ಕೆ ಅಂಟಿಕೊಂಡೇ ಇರುತ್ತದೆ. ಫ್ರೆಂಚಿನಲ್ಲಿ ದನಿಯ ಒತ್ತು ಸಾಮಾನ್ಯವಾಗಿ ಪದಗುಂಪಿನ ಕೊನೆಗೆ ಬೀಳುತ್ತದೆ. ಹಾಗಾಗಿ ‘ನಾನು’ ಎಂಬುದನ್ನಷ್ಟೇ ಎತ್ತಿ ಹೇಳಬೇಕಾದರೆ ವಾಕ್ಯವನ್ನು ಎರಡಾಗಿ ಸೀಳಿ, ಮೊದಲ ತುಂಡಿನ ಕೊನೆಯಲ್ಲಿ ‘ಮ್ವಾ’ವನ್ನು ಕೂರಿಸುತ್ತಾರೆ. ವ್ಯಾಕರಣದವರು ಇದನ್ನು ‘ಫ್ರಾಜ್ ಕ್ಲಿವೆ’, ಸೀಳಿದ ವಾಕ್ಯ, ಎನ್ನುತ್ತಾರೆ. ಕನ್ನಡದ ‘ನಾನು’ವಿಗೆ ಅಂಥ ಕಟ್ಟುಪಾಡಿಲ್ಲ. ಅದು ಬೇಕಾದ ಕಡೆ ಹೋಗಿ ಕೂರುತ್ತದೆ, ಒತ್ತನ್ನೂ ಹೊರುತ್ತದೆ.

ಒಂದು ಕಥೆಯಲ್ಲಿ ಅಕ್ಕ ತಮ್ಮ ಜಗಳವಾಡುತ್ತಾರೆ. ಲಿಯೋಂ ಬಳಿಯ ಹಳ್ಳಿಯಲ್ಲಿದ್ದ ಹಿರಿಯರ ಮನೆ ಕೈಬಿಟ್ಟು ಹೋಗಿದೆ. ತಮ್ಮ ಕೂಗುತ್ತಾನೆ: ‘ಸೆ ತ್ವಾ ಕಿ ಆ ವಾಂದ್ಯು ಲಾ ಮೆಜೋಂ!’ ಮನೆ ಮಾರಿದ್ದು ನೀನು ಎಂಬ ಆರೋಪ. ಇದಕ್ಕೆ ಕನ್ನಡದಲ್ಲಿ ನಾಲ್ಕು ರೂಪಗಳು ನನ್ನೆದುರು ನಿಂತವು.

‘ಮನೆಯನ್ನು ನೀನು ಮಾರಿದೆ’ ಎಂದರೆ ಒತ್ತು ಬರಬೇಕಾದ ಪದ ಕ್ರಿಯಾಪದದ ಬೆನ್ನಿಗೆ ಅಂಟಿ ಕೂರುತ್ತದೆ. ಕನ್ನಡದಲ್ಲಿ ಒತ್ತಿನ ಸಹಜ ಜಾಗ ಅದೇ. ಆದರೆ ಬರಹದಲ್ಲಿ ದನಿ ಕೇಳಿಸುವುದಿಲ್ಲ, ಓದುಗ ಇದನ್ನು ಬರಿಯ ವರದಿಯಾಗಿ ಓದಿ ಮುಂದೆ ಹೋಗಬಹುದು. ‘ನೀನೇ ಮನೆ ಮಾರಿದೆ’ ಎಂದರೆ ಒತ್ತು ತಪ್ಪುವುದಿಲ್ಲ, ಆದರೆ ಆ ‘ಏ’ ತನ್ನದೇ ಅರ್ಥವನ್ನೂ ಹೊತ್ತು ತರುತ್ತದೆ: ಬೇರೆಯವರ ಕೈಯಿಂದಲ್ಲ, ನೀನು ಖುದ್ದಾಗಿ, ಬೇಕೆಂದೇ. ಫ್ರೆಂಚಿನಲ್ಲಿ ಅದಕ್ಕೆ ‘ತ್ವಾ ಮೆಮ್’ ಎಂಬ ಬೇರೆ ಮಾತಿದೆ, ನಮ್ಮ ‘ಏ’ಯನ್ನು ನಾನು ಅದಕ್ಕೇ ಮೀಸಲಿಡುತ್ತೇನೆ. ‘ಮನೆ ಮಾರಿದವಳು ನೀನು’ ಎಂದರೆ ಕೆಲಸ ಹಿಂದೆ ಸರಿದು ವ್ಯಕ್ತಿಯ ಹಣೆಗೆ ಪಟ್ಟಿ ಅಂಟುತ್ತದೆ, ಅವಳು ಅಂಥವಳು ಎಂಬ ತೀರ್ಪು ಬರುತ್ತದೆ. ಉಳಿದದ್ದು ‘ಮನೆ ಮಾರಿದ್ದು ನೀನು’. ಮಾರಾಟವಾಗಿದೆ ಎಂಬುದು ಇಬ್ಬರಿಗೂ ಗೊತ್ತು, ಮಾರಿದವರು ಯಾರೆಂಬುದೇ ತಕರಾರು. ‘ಮಾರಿದ್ದು’ ಎಂಬ ನಪುಂಸಕ ರೂಪ ನಡೆದ ಸಂಗತಿಯನ್ನು ಮೊದಲು ಮುಂದಿಡುತ್ತದೆ, ಆಮೇಲೆ ‘ನೀನು’ ಬಂದು ಬೆರಳು ತೋರಿಸುತ್ತದೆ. ಫ್ರೆಂಚಿನ ‘ಆ’ ಎಂಬ ಸಹಾಯಕ ಕ್ರಿಯಾಪದ ‘ತ್ವಾ’ಗೆ ಹೊಂದಿಕೊಂಡು ಬದಲಾಗುತ್ತದೆ, ನಮ್ಮ ‘ಮಾರಿದ್ದು’ ಯಾರಿಗೂ ಬಗ್ಗುವುದಿಲ್ಲ. ಆ ನಷ್ಟಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಅಕ್ಕನ ಉತ್ತರದಲ್ಲಿ ಕನ್ನಡ ಫ್ರೆಂಚಿಗಿಂತ ಒಂದು ಕೈ ಮೇಲು. ‘ಸ ನೆ ಪಾ ಮ್ವಾ ಕಿ...’ ಎಂದು ಅವಳು ನಿರಾಕರಿಸುತ್ತಾಳೆ. ‘ನಾನು ಮನೆ ಮಾರಲಿಲ್ಲ’ ಎಂದು ಬರೆದರೆ ಮಾರಾಟವೇ ನಡೆದಿಲ್ಲವೇನೋ ಎಂಬ ಅನುಮಾನ ಬರುತ್ತದೆ, ಏಕೆಂದರೆ ‘ಇಲ್ಲ’ ಕ್ರಿಯೆಯನ್ನೇ ಅಲ್ಲಗಳೆಯಬಲ್ಲದು. ‘ಮಾರಿದ್ದು ನಾನಲ್ಲ’ ಎಂದರೆ ‘ಅಲ್ಲ’ ಗುರುತನ್ನು ಮಾತ್ರ ತಳ್ಳಿಹಾಕುತ್ತದೆ, ಮಾರಾಟ ಹಾಗೇ ನಿಂತಿರುತ್ತದೆ. ಫ್ರೆಂಚು ವಾಕ್ಯವನ್ನು ಸೀಳಿ ಸಾಧಿಸುವ ಈ ಭೇದ ನಮ್ಮಲ್ಲಿ ಎರಡು ನಿಷೇಧಪದಗಳಲ್ಲೇ ಅಡಗಿದೆ. ಕೊನೆಗೆ ಆ ಸಂಭಾಷಣೆ ಹೀಗೆ ಬಂತು:

“ಮನೆ ಮಾರಿದ್ದು ನೀನು!”

“ಮಾರಿದ್ದು ನಾನಲ್ಲ. ನಾನು ಸಹಿ ಹಾಕಿದೆ, ಅಷ್ಟೆ. ಮಾರಿದ್ದು ಅಪ್ಪ, ಸಾಲ ಮಾಡಿದ ದಿನವೇ.”

ಮೂಲದಲ್ಲಿ ‘ಸೆ’ ಮತ್ತೆ ಮತ್ತೆ ಬಂದು ಕುಟ್ಟುತ್ತದೆ. ಇಲ್ಲಿ ಆ ಕೆಲಸ ‘ಮಾರಿದ್ದು’ವಿಗೆ ಬಿತ್ತು. ನಡುವಿನ ‘ಸಹಿ ಹಾಕಿದೆ’ ಎಂಬುದನ್ನು ಸಾದಾ ವಾಕ್ಯವಾಗಿಯೇ ಬಿಟ್ಟೆ, ಫ್ರೆಂಚಿನಲ್ಲೂ ಅಲ್ಲಿ ಸೀಳಿಲ್ಲ. ಎಲ್ಲವನ್ನೂ ‘ಹಾಕಿದ್ದು, ಮಾಡಿದ್ದು’ ಎಂದು ಬರೆದರೆ ಜಗಳ ಹೋಗಿ ಪೊಲೀಸ್ ಮಹಜರು ಆಗುತ್ತದೆ.

ಒಂದು ಕಡೆ ಮಾತ್ರ ಈ ರೂಪ ಕೈಕೊಡುತ್ತದೆ. ಫ್ರೆಂಚಿನಲ್ಲಿ ಹೆಸರು ಮೊದಲು ಬರುತ್ತದೆ, ನಮ್ಮಲ್ಲಿ ಕೊನೆಗೆ. ಅದೇ ಕಥೆಯಲ್ಲಿ ಯಾರೋ ‘ಸೆ ಮಾರ್ಸೆಲ್ ಕಿ—’ ಎನ್ನುವಷ್ಟರಲ್ಲಿ ಬಾಗಿಲು ತೆರೆಯುತ್ತದೆ, ಮಾತು ತುಂಡಾಗುತ್ತದೆ. ಓದುಗನಿಗೆ ಹೆಸರು ಸಿಕ್ಕಿದೆ, ಅವನು ಮಾಡಿದ್ದೇನೆಂದು ಸಿಕ್ಕಿಲ್ಲ. ‘ಹಣ ತೆಗೆದುಕೊಂಡದ್ದು—’ ಎಂದು ಕನ್ನಡದಲ್ಲಿ ತುಂಡು ಮಾಡಿದರೆ ಸಿಗುವುದು ತದ್ವಿರುದ್ಧ: ಕೃತ್ಯ ಬಯಲು, ಹೆಸರು ಗುಟ್ಟು. ಹಾಗಾಗಿ ಇಲ್ಲಿ ‘ಏ’ಯ ಮೀಸಲಾತಿಯನ್ನು ಮುರಿದು “ಮಾರ್ಸೆಲ್ಲೇ ಆ—” ಎಂದು ನಿಲ್ಲಿಸಿದೆ. ಮಾತು ತುಂಡಾಗದಿದ್ದರೆ, ಸಂಭಾಷಣೆಯಲ್ಲಿ ತಲೆಕೆಳಗು ಮಾಡುವ ಸ್ವಾತಂತ್ರ್ಯವೂ ನಮಗಿದೆ: “ಮಾರ್ಸೆಲ್, ಹಣ ತೆಗೆದುಕೊಂಡದ್ದು.” ಗೊತ್ತಿರುವ ಸಂಗತಿ ಬಾಲದಂತೆ ಹಿಂದೆ ಉಳಿಯುತ್ತದೆ. ಮಾತಾಡುವಾಗ ನಾವು ದಿನವೂ ಹೀಗೆ ಹೇಳುತ್ತೇವೆ, ನಿರೂಪಣೆಯಲ್ಲಿ ಮಾತ್ರ ಇದು ಎಡವುತ್ತದೆ.

ವಿಭಕ್ತಿಯ ವಿಷಯದಲ್ಲಿ ಎರಡೂ ಭಾಷೆಗಳಿಗೆ ಒಳ್ಳೆಯ ಹೊಂದಾಣಿಕೆ. ಕರ್ತೃವಲ್ಲದ ಪದವನ್ನು ಎತ್ತಿ ಹೇಳುವಾಗ ‘ಕಿ’ಯ ಜಾಗಕ್ಕೆ ‘ಕ’ ಬರುತ್ತದೆ. ‘ಸೆ ಆ ಮಾರ್ಸೆಲ್ ಕ...’ ಎಂದಾಗ ನಮ್ಮ ‘ಗೆ’ಯ ಅರ್ಥ ಕೊಡುವ ‘ಆ’ ಎಂಬ ಉಪಸರ್ಗ ಹೆಸರಿನ ಜೊತೆಗೇ ಮುಂದೆ ಬರುತ್ತದೆ, ನಮ್ಮಲ್ಲೂ ‘ನಾನು ಬೀಗದ ಕೈ ಕೊಟ್ಟದ್ದು ಮಾರ್ಸೆಲ್‌ಗೆ’ ಎಂದು ‘ಗೆ’ ಉಳಿಯುತ್ತದೆ.

‘ಸೆ... ಕಿ’ ಕಂಡಲ್ಲೆಲ್ಲ ಒತ್ತು ಹುಡುಕಬಾರದು ಎಂಬುದಕ್ಕೆ ನನ್ನ ಪರೀಕ್ಷೆ ಸರಳ: ಈ ವಾಕ್ಯ ಯಾವ ಪ್ರಶ್ನೆಗೆ ಉತ್ತರ ಎಂದು ಕೇಳಿಕೊಳ್ಳುತ್ತೇನೆ. ‘ಯಾರು’, ‘ಯಾವಾಗ’, ‘ಯಾರಿಗೆ’ ಎಂಬ ಪ್ರಶ್ನೆ ಗಾಳಿಯಲ್ಲಿ ತೇಲುತ್ತಿದ್ದರೆ ‘-ದ್ದು’ ರೂಪ. ‘ಏನದು ಸದ್ದು?’ ಎಂಬ ಪ್ರಶ್ನೆಗೆ ‘ಸೆ ಲ ತೆಲೆಫೋನ್ ಕಿ ಸೋನ್’ ಎಂದು ಉತ್ತರ ಬಂದರೆ ಇಡೀ ವಾಕ್ಯವೇ ಹೊಸ ಸುದ್ದಿ. ‘ಹೊಡೆದುಕೊಳ್ಳುತ್ತಿರುವುದು ಫೋನು’ ಎಂದರೆ ಗಡಿಯಾರವೋ ಫೋನೋ ಎಂದು ವಾದ ನಡೆಯುತ್ತಿತ್ತೇನೋ ಅನ್ನಿಸುತ್ತದೆ. ‘ಫೋನ್ ಹೊಡೆದುಕೊಳ್ಳುತ್ತಿದೆ’ ಸಾಕು.

ಇದರ ಇನ್ನೊಂದು ಮುಖವೂ ಇದೆ. ಫ್ರೆಂಚ್ ಚರಿತ್ರೆಯ ಬರಹಗಾರರು ‘1789ರ ಜುಲೈ 14ರಂದೇ’ ಎಂಬ ಧಾಟಿಯಲ್ಲಿ ‘ಸೆ... ಕ’ ಬಳಸುತ್ತಾರೆ, ಯಾರೂ ತಕರಾರು ಮಾಡದಿದ್ದರೂ. ಅಲ್ಲಿ ‘ಬಾಸ್ಟಿಲ್ ಕೋಟೆ ಬಿದ್ದದ್ದು 1789ರ ಜುಲೈ 14ರಂದು’ ಎಂದು ಬರೆಯಲು ನಾನು ಹಿಂಜರಿಯುವುದಿಲ್ಲ, ಏಕೆಂದರೆ ನಮ್ಮ ಗದ್ಯಕ್ಕೂ ಅದೇ ಚಾಳಿ. ‘ಕುವೆಂಪು ಹುಟ್ಟಿದ್ದು 1904ರಲ್ಲಿ’ ಎಂದು ಬರೆದವರು 1903 ಎಂದವರ ಜೊತೆ ಜಗಳಕ್ಕೆ ನಿಂತಿಲ್ಲ.

ಒಂದು ನುಡಿಗಟ್ಟಿನಲ್ಲಿ ಮಾತ್ರ ‘-ದ್ದು’, ‘ಏ’, ಪದಕ್ರಮ ಮೂರನ್ನೂ ಬದಿಗಿಡುತ್ತೇನೆ. ‘ಸ ನೆ ಪಾ ಮ್ವಾ ಕಿ...’ ಎಂದು ಶುರು ಮಾಡಿ, ‘ನಿನ್ನ ಮಾತಿಗೆ ಎದುರು ಹೇಳುವವನು ನಾನಲ್ಲ’ ಎಂಬರ್ಥದಲ್ಲಿ ಫ್ರೆಂಚರು ನಗುತ್ತ ಒಪ್ಪಿಗೆ ಸೂಚಿಸುವುದುಂಟು. ಬೇರೆ ಯಾರೋ ಎದುರು ಹೇಳಿಯಾರು, ತಾನಂತೂ ಇಲ್ಲ ಎಂಬ ಧ್ವನಿ. ಅದಕ್ಕೆ ನಮ್ಮ ‘ಅಂತೂ’ ಹೇಳಿ ಮಾಡಿಸಿದಂತಿದೆ: “ನಾನಂತೂ ಬೇಡವೆನ್ನುವುದಿಲ್ಲಪ್ಪ.”