ಬಾಣ ಸುತ್ತಿದರೆ ಕರ್ಲ್ ಇದೆ ಎಂದಲ್ಲ: ಗ್ರೇಡಿಯೆಂಟ್, ಡೈವರ್ಜೆನ್ಸ್, ಕರ್ಲ್ ಅರ್ಥ ಮಾಡಿಕೊಳ್ಳುವುದು ಹೇಗೆ?

ಬಿ.ಎಸ್ಸಿ. ಮಕ್ಕಳಿಗೆ ಸಂಜೆ ಹೊತ್ತು ಭೌತಶಾಸ್ತ್ರ ಹೇಳಿಕೊಡುತ್ತೇನೆ. ಪ್ರತಿ ವರ್ಷ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಬೋರ್ಡಿನ ಮೇಲೆ ಕರೆಂಟ್ ಹರಿಯುವ ಒಂದು ನೇರ ತಂತಿ, ಅದರ ಸುತ್ತ ವೃತ್ತಾಕಾರದ ಕಾಂತಕ್ಷೇತ್ರದ ಬಾಣಗಳು. ತಂತಿಯಿಂದ ಸ್ವಲ್ಪ ದೂರದಲ್ಲಿ ಚುಕ್ಕೆ ಇಟ್ಟು, ‘ಇಲ್ಲಿ ಕರ್ಲ್ ಇದೆಯಾ?’ ಎನ್ನುತ್ತೇನೆ. ಇಡೀ ತರಗತಿ ‘ಇದೆ’ ಎನ್ನುತ್ತದೆ. ಬಾಣಗಳು ಸುತ್ತುತ್ತಿವೆ ಅಲ್ವಾ? ಆದರೆ ಉತ್ತರ ಸೊನ್ನೆ. ಡಿಟರ್ಮಿನೆಂಟ್ ಸೂತ್ರವನ್ನು ಬಾಯಿಪಾಠ ಮಾಡಿದವರೂ ಇಲ್ಲಿ ಎಡವುತ್ತಾರೆ, ಏಕೆಂದರೆ ಅವರು ನೋಡುವುದು ಇಡೀ ಚಿತ್ರವನ್ನು. ಕರ್ಲ್ ಆಗಲಿ ಡೈವರ್ಜೆನ್ಸ್ ಆಗಲಿ ಹೇಳುವುದು ಒಂದು ಚುಕ್ಕೆಯ ಸುದ್ದಿಯನ್ನು ಮಾತ್ರ.

ಒಂದು ಹಾಳೆ, ಪೆನ್ಸಿಲ್, ಕೈವಾರ ತೆಗೆದುಕೊಳ್ಳಿ. ಮೊಬೈಲಿನ ಅನಿಮೇಷನ್ ಬೇಡ. ನಾನು ನೋಡಿದ ಹಲವು ಅನಿಮೇಷನ್‌ಗಳಲ್ಲಿ ಪುಟ್ಟ ಚಕ್ರ ತಂತಿಯ ಸುತ್ತ ಪ್ರದಕ್ಷಿಣೆ ಹಾಕುತ್ತದೆ, ಅದನ್ನೇ ಕರ್ಲ್ ಎಂದು ತೋರಿಸುತ್ತಾರೆ. ಪ್ರದಕ್ಷಿಣೆ ಹಾಕುವುದು ಬೇರೆ, ತನ್ನ ಅಚ್ಚಿನ ಮೇಲೆ ತಾನೇ ತಿರುಗುವುದು ಬೇರೆ.

ಹೆಜ್ಜೆ 1: ಗ್ರೇಡಿಯೆಂಟ್

ಇದು ಸುಲಭ. ಗುಡ್ಡದ ಮೇಲೆ ನಿಂತಿದ್ದೀರಿ, ಅತ್ಯಂತ ಕಡಿದಾದ ಏರು ಯಾವ ಕಡೆಗಿದೆಯೋ ಆ ದಿಕ್ಕು, ಅದು ಎಷ್ಟು ಕಡಿದು ಎಂಬ ಅಳತೆ, ಎರಡೂ ಸೇರಿ ಗ್ರೇಡಿಯೆಂಟ್. 3 ಮಿಲಿಮೀಟರ್ ಅಂತರದ ಎರಡು ಲೋಹದ ತಟ್ಟೆಗಳಿಗೆ 9 ವೋಲ್ಟಿನ ಬ್ಯಾಟರಿ ಸೇರಿಸಿದರೆ, ವೋಲ್ಟೇಜಿನ ಏರು ಮೀಟರಿಗೆ 3000 ವೋಲ್ಟ್, ದಿಕ್ಕು ಋಣ ತಟ್ಟೆಯಿಂದ ಧನ ತಟ್ಟೆಯ ಕಡೆಗೆ. ವಿದ್ಯುತ್ ಕ್ಷೇತ್ರ ಅದಕ್ಕೆ ಸರಿ ಉಲ್ಟಾ, ಇಳಿಜಾರಿನ ಕಡೆಗೆ. E = −∇V ಸೂತ್ರದ ಮೈನಸ್ ಚಿಹ್ನೆ ಹೇಳುವುದು ಇಷ್ಟನ್ನೇ.

ಹೆಜ್ಜೆ 2: ಡೈವರ್ಜೆನ್ಸ್‌ಗೆ ಪುಟ್ಟ ಡಬ್ಬಿ

ಕ್ಷೇತ್ರದೊಳಗೆ ಒಂದು ಪುಟ್ಟ ಡಬ್ಬಿ ಇದೆ ಎಂದುಕೊಳ್ಳಿ. ಹೊರಗೆ ಹೋಗುವುದರಲ್ಲಿ ಒಳಗೆ ಬಂದಿದ್ದನ್ನು ಕಳೆಯಿರಿ, ಡಬ್ಬಿಯ ಗಾತ್ರದಿಂದ ಭಾಗಿಸಿ. ಡಬ್ಬಿಯನ್ನು ಚಿಕ್ಕದು ಮಾಡುತ್ತಾ ಹೋದಾಗ ಸಿಗುವ ಬೆಲೆಯೇ ಡೈವರ್ಜೆನ್ಸ್.

1 ನ್ಯಾನೊಕೂಲಂ ಚಾರ್ಜಿನ ಸುತ್ತ ಬಾಣಗಳು ಎಲ್ಲ ಕಡೆಗೂ ಹರಡುತ್ತವೆ. ‘ಹರಡುತ್ತಿದೆ, ಅಂದರೆ ಎಲ್ಲೆಲ್ಲೂ ಡೈವರ್ಜೆನ್ಸ್ ಇದೆ’ ಎಂದು ಬರೆಯುವವರೇ ಜಾಸ್ತಿ. ಲೆಕ್ಕ ಹಾಕಿ ನೋಡೋಣ. ಚಾರ್ಜಿನಿಂದ ಹೊರಟ ಶಂಕುವಿನ ಒಂದು ತುಂಡು ನಮ್ಮ ಡಬ್ಬಿ. ಒಳ ಮುಖ 10 ಸೆಂಟಿಮೀಟರ್ ದೂರದಲ್ಲಿದೆ, ಹರವು 1 ಚದರ ಸೆಂಟಿಮೀಟರ್, ಅಲ್ಲಿ ಕ್ಷೇತ್ರ ಮೀಟರಿಗೆ ಸುಮಾರು 900 ವೋಲ್ಟ್. ಹೊರ ಮುಖ 20 ಸೆಂಟಿಮೀಟರಿನಲ್ಲಿದೆ. ದೂರ ಎರಡು ಪಟ್ಟಾದ್ದರಿಂದ ಹರವು 4 ಚದರ ಸೆಂಟಿಮೀಟರ್, ಕ್ಷೇತ್ರ ಇಳಿದು 225. ಒಳಗೆ ಬಂದದ್ದು 900 × 1. ಹೊರಗೆ ಹೋದದ್ದು 225 × 4. ಎರಡೂ ಒಂದೇ. ಪಕ್ಕದ ಗೋಡೆಗಳಿಗೆ ಕ್ಷೇತ್ರ ಸಮಾಂತರವಾಗಿದೆ, ಅವುಗಳ ಮೂಲಕ ಏನೂ ದಾಟುವುದಿಲ್ಲ. ಡೈವರ್ಜೆನ್ಸ್ ಸೊನ್ನೆ.

ಬಾಣಗಳು ಹರಡುವುದು ನಿಜ, ಆದರೆ ಹರಡಿದಷ್ಟೇ ತೆಳುವಾಗಿವೆ. ಡಬ್ಬಿಯೊಳಗೆ ಚಾರ್ಜೇ ಇದ್ದರೆ ಮಾತ್ರ ಲೆಕ್ಕದಲ್ಲಿ ಉಳಿಕೆ ಬರುತ್ತದೆ. ∇·E = ρ/ε₀ ಹೇಳುವುದು ಅದನ್ನೇ. ಕಾಂತಕ್ಷೇತ್ರದಲ್ಲಂತೂ ಡಬ್ಬಿಯನ್ನು ಅಯಸ್ಕಾಂತದ ಒಳಗೇ ಇಟ್ಟರೂ ಉಳಿಕೆ ಬರುವುದಿಲ್ಲ.

ಹೆಜ್ಜೆ 3: ಕರ್ಲ್‌ಗೆ ಗಿರಗಿಟ್ಲೆ

ಇಲ್ಲಿ ಅವಸರ ಮಾಡಬೇಡಿ. ನಾಲ್ಕು ರೆಕ್ಕೆಯ ಒಂದು ಪುಟ್ಟ ಗಿರಗಿಟ್ಲೆಯನ್ನು ಮನಸ್ಸಿನಲ್ಲಿ ಮಾಡಿಕೊಳ್ಳಿ. ಅದರ ಅಚ್ಚನ್ನು ಒಂದು ಚುಕ್ಕೆಗೆ ಮೊಳೆ ಹೊಡೆದು ಕೂರಿಸಿ. ಕ್ಷೇತ್ರವನ್ನು ಹರಿಯುವ ನೀರು ಎಂದುಕೊಳ್ಳಿ. ಗಿರಗಿಟ್ಲೆ ಅಲ್ಲೇ ತಿರುಗಿದರೆ ಕರ್ಲ್ ಇದೆ. ತಿರುಗದಿದ್ದರೆ ಇಲ್ಲ.

ಮೊದಲು ನೇರವಾದ ನಾಲೆಯಲ್ಲಿ ನೋಡಿ. ನೀರು ಎಲ್ಲೂ ಸುತ್ತುತ್ತಿಲ್ಲ. ಆದರೆ ದಡದ ಹತ್ತಿರ ನಿಧಾನ, ನಡುವೆ ಜೋರು. ದಡದ ಸಮೀಪ ಗಿರಗಿಟ್ಲೆ ಇಟ್ಟರೆ ನಡುವಿನ ಕಡೆಯ ರೆಕ್ಕೆಗೆ ಜಾಸ್ತಿ ತಳ್ಳು ಬೀಳುತ್ತದೆ, ಅದು ತಿರುಗುತ್ತದೆ. ನೇರ ಹರಿವಿನಲ್ಲೂ ಕರ್ಲ್ ಇರಬಹುದು ಎಂದಾಯಿತು.

ಈಗ ತಂತಿಗೆ ಬನ್ನಿ. ಹಾಳೆಯ ನಡುವೆ ತಂತಿ, ಕರೆಂಟ್ ನಿಮ್ಮ ಕಡೆಗೆ ಬರುತ್ತಿದೆ, ಕ್ಷೇತ್ರ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತಿದೆ. ತಂತಿಯ ಬಲಗಡೆ ಗಿರಗಿಟ್ಲೆ ಇಡಿ. ಅಲ್ಲಿ ಕ್ಷೇತ್ರ ಹಾಳೆಯ ಮೇಲ್ತುದಿಯ ಕಡೆಗಿದೆ. ಎಡ ರೆಕ್ಕೆ ತಂತಿಗೆ ಹತ್ತಿರ, ಅದಕ್ಕೆ ಮೇಲ್ಮುಖವಾಗಿ ಜೋರು ತಳ್ಳು. ಬಲ ರೆಕ್ಕೆ ದೂರ, ತಳ್ಳು ಕಡಿಮೆ. ಇವೆರಡರ ವ್ಯತ್ಯಾಸ ಗಿರಗಿಟ್ಲೆಯನ್ನು ಗಡಿಯಾರದ ದಿಕ್ಕಿಗೆ ತಿರುಗಿಸಲು ನೋಡುತ್ತದೆ. ಇನ್ನು ಮೇಲಿನ ರೆಕ್ಕೆ: ಅಲ್ಲಿ ಬಾಣ ಸ್ವಲ್ಪ ಎಡಕ್ಕೆ ಬಾಗಿದೆ. ಕೆಳಗಿನ ರೆಕ್ಕೆಯಲ್ಲಿ ಸ್ವಲ್ಪ ಬಲಕ್ಕೆ. ಇವೆರಡೂ ಸೇರಿ ಗಡಿಯಾರಕ್ಕೆ ಎದುರು ದಿಕ್ಕಿಗೆ ತಿರುಗಿಸಲು ನೋಡುತ್ತವೆ. ಕ್ಷೇತ್ರ ದೂರಕ್ಕೆ ತಕ್ಕಂತೆ 1/r ಆಗಿ ಇಳಿದಾಗ ಈ ಎರಡು ಎಳೆದಾಟಗಳು ಸರಿಸಮ. ಗಿರಗಿಟ್ಲೆ ತಿರುಗುವುದೇ ಇಲ್ಲ.

ನಂಬಿಕೆ ಬರದಿದ್ದರೆ ಅಂಕಿಯಲ್ಲಿ ನೋಡಿ. ತಂತಿಯಲ್ಲಿ 10 ಆಂಪಿಯರ್ ಇರಲಿ. 2 ಸೆಂಟಿಮೀಟರ್ ದೂರದಲ್ಲಿ ಕ್ಷೇತ್ರ 100 ಮೈಕ್ರೊಟೆಸ್ಲಾ, 4 ಸೆಂಟಿಮೀಟರಿನಲ್ಲಿ 50. ಕೈವಾರದಿಂದ ಎರಡೂ ವೃತ್ತಗಳ ಕಾಲು ಭಾಗ ಎಳೆದು, ತುದಿಗಳನ್ನು ನೇರ ಗೆರೆಯಿಂದ ಸೇರಿಸಿ. ಬಾಳೆಕಾಯಿಯ ಆಕಾರದ ಒಂದು ಪಟ್ಟಿ ಸಿಗುತ್ತದೆ. ಅದರ ಅಂಚಿನ ಮೇಲೆ ಒಂದು ಸುತ್ತು ನಡೆಯಿರಿ, ಪ್ರತಿ ತುಂಡಿನಲ್ಲೂ ಕ್ಷೇತ್ರವನ್ನು ಉದ್ದದಿಂದ ಗುಣಿಸಿ ಕೂಡಿಸುತ್ತಾ ಹೋಗಿ. ಈ ಮೊತ್ತವನ್ನು ಪಟ್ಟಿಯ ಹರವಿನಿಂದ ಭಾಗಿಸಿ, ಪಟ್ಟಿಯನ್ನು ಚಿಕ್ಕದು ಮಾಡುತ್ತಾ ಹೋದಾಗ ಸಿಗುವ ಬೆಲೆಯೇ ಕರ್ಲ್. ಹೊರ ಕಮಾನಿನ ಉದ್ದ 6.28 ಸೆಂಟಿಮೀಟರ್, ಕ್ಷೇತ್ರದ ಜೊತೆಗೇ ನಡೆದಿರಿ: 50 × 6.28 = 314. ಒಳ ಕಮಾನು 3.14 ಸೆಂಟಿಮೀಟರ್, ಇಲ್ಲಿ ಕ್ಷೇತ್ರಕ್ಕೆ ಎದುರಾಗಿ: 100 × 3.14 = 314, ಮೈನಸ್. ನೇರ ಗೆರೆಗಳು ಕ್ಷೇತ್ರಕ್ಕೆ ಲಂಬ, ಅಲ್ಲಿ ಸೊನ್ನೆ. ಒಟ್ಟು ಸೊನ್ನೆ.

ಇದೇ ಕೆಲಸವನ್ನು ತಂತಿಯ ಒಳಗೆ ಮಾಡಿ. ತಂತಿಯ ತ್ರಿಜ್ಯ 1 ಮಿಲಿಮೀಟರ್, ಕರೆಂಟ್ ಎಲ್ಲೆಡೆ ಸಮವಾಗಿ ಹರಡಿದೆ ಎಂದುಕೊಳ್ಳಿ. ಒಳಗೆ ಕ್ಷೇತ್ರ ಇಳಿಯುವುದಿಲ್ಲ, ನಡುವಿನಿಂದ ಹೊರಕ್ಕೆ ಹೋದಂತೆ ಏರುತ್ತದೆ. ಅರ್ಧ ಮಿಲಿಮೀಟರಿನಲ್ಲಿ 1 ಮಿಲಿಟೆಸ್ಲಾ, ಅಂಚಿನಲ್ಲಿ 2. ಹೊರ ಕಮಾನು: 2 × 1.571 = 3.142. ಒಳ ಕಮಾನು: 1 × 0.785 = 0.785. ಉಳಿಕೆ ಸುಮಾರು 2.356. ಪಟ್ಟಿಯ ಹರವು 0.589 ಚದರ ಮಿಲಿಮೀಟರ್. ಭಾಗಿಸಿದರೆ ಮಿಲಿಮೀಟರಿಗೆ 4 ಮಿಲಿಟೆಸ್ಲಾ, ಅಂದರೆ ಮೀಟರಿಗೆ 4 ಟೆಸ್ಲಾ. ಈಗ ಬೇರೆ ದಾರಿಯಿಂದ ಬನ್ನಿ. 10 ಆಂಪಿಯರನ್ನು ತಂತಿಯ ಅಡ್ಡಕೊಯ್ತದ ಹರವಿನಿಂದ ಭಾಗಿಸಿ, μ₀ಯಿಂದ ಗುಣಿಸಿ. ಅದೇ 4 ಬರುತ್ತದೆ. ∇×B = μ₀J ಎಂಬ ಸೂತ್ರ ನಿಮ್ಮ ಹಾಳೆಯ ಮೇಲೆ ತಾನಾಗಿ ಬಂದು ಕೂತಿತು. ಸ್ಥಿರ ಕರೆಂಟ್ ಇದ್ದಾಗ, ಅದು ಹರಿಯುವ ಜಾಗದಲ್ಲಿ ಮಾತ್ರ ಗಿರಗಿಟ್ಲೆ ತಿರುಗುತ್ತದೆ.

ಸೂತ್ರದಿಂದಲೇ ಮಾಡುವವರು ತಪ್ಪುವ ಜಾಗವೂ ಇದೇ. ಬಾಣ ವೃತ್ತದಲ್ಲಿ ಸುತ್ತುವಾಗ B ಯನ್ನು ಸುಮ್ನೆ r ಗೆ ಅವಕಲನ ಮಾಡುತ್ತಾರೆ. ಹೊರಗಿನ 1/r ಕ್ಷೇತ್ರಕ್ಕೆ ಮೈನಸ್ 1/r² ಬರುತ್ತದೆ, ಸೊನ್ನೆ ಬರುವುದಿಲ್ಲ. ಮಾಡಬೇಕಾದದ್ದು ಇದು:

```
(1/r) d(r B)/dr
```

ಒಳಗಿನ r ಯಾಕೆ ಬಂತು? ಹೊರ ಕಮಾನು ಒಳ ಕಮಾನಿಗಿಂತ ಉದ್ದ ಎಂಬ ಕಾರಣಕ್ಕೆ. ಬಾಳೆಕಾಯಿ ಪಟ್ಟಿ ಎಳೆದವರು ಈ r ಅನ್ನು ಮರೆಯುವುದಿಲ್ಲ. ಪರೀಕ್ಷೆಗೆಂದು ಮಾರುವ ಕೆಲವು ಗೈಡುಗಳು x, y, z ಡಿಟರ್ಮಿನೆಂಟಿನಲ್ಲೇ r, φ, z ಅಕ್ಷರ ತುಂಬಿ ‘ಶಾರ್ಟ್‌ಕಟ್’ ಎಂದು ಅಚ್ಚು ಹಾಕಿರುತ್ತವೆ. ಆ ಪುಟ ತಪ್ಪು. ಅದನ್ನು ಹೊಡೆದುಹಾಕಿ ಮುಂದೆ ಓದಿ. ಡಿಟರ್ಮಿನೆಂಟ್ ಕಲಿಯಲೇಬೇಕು, ಆದರೆ ಪಟ್ಟಿ ಎಳೆಯುವುದು ಕೈಗೆ ಕೂತ ಮೇಲೆ ಕಲಿಯಿರಿ.

ಇನ್ನೊಂದು ಅನುಮಾನ ಬಂದೇ ಬರುತ್ತದೆ. ತಂತಿಯ ಸುತ್ತಲೇ ಪೂರ್ತಿ ಒಂದು ಸುತ್ತು ಹಾಕಿದರೆ ಸೊನ್ನೆ ಬರುವುದಿಲ್ಲವಲ್ಲ? ಹೌದು, μ₀I ಬರುತ್ತದೆ. ಆ ಸುತ್ತಿನೊಳಗೆ ತಂತಿ ಇದೆ, ಕರ್ಲ್ ಎಲ್ಲವೂ ಆ ತಂತಿಯೊಳಗೇ ಇದೆ. ಪರೀಕ್ಷಿಸಬೇಕೇ? ಅರ್ಧ ಮಿಲಿಮೀಟರಿನಿಂದ 2 ಮಿಲಿಮೀಟರ್‌ವರೆಗೆ, ತಂತಿಯ ಅಂಚನ್ನು ದಾಟುವ ಪಟ್ಟಿ ಎಳೆಯಿರಿ. 2 ಮಿಲಿಮೀಟರಿನಲ್ಲಿ ಕ್ಷೇತ್ರ 1 ಮಿಲಿಟೆಸ್ಲಾ, ಕಮಾನು 3.142. ಉಳಿಕೆ ಮತ್ತೆ ಅದೇ 2.356. ಹೊರಗೆ ಸೇರಿಸಿದ ಜಾಗ ಒಂದು ಚೂರನ್ನೂ ಕೂಡಿಸಲಿಲ್ಲ.

ಹೆಜ್ಜೆ 4: ವಿದ್ಯುತ್ ಕ್ಷೇತ್ರದಲ್ಲಿ ಒಂದು ಸುತ್ತು

ನಿಂತ ಚಾರ್ಜುಗಳ ಕ್ಷೇತ್ರ ವೋಲ್ಟೇಜಿನ ಇಳಿಜಾರು. ಗುಡ್ಡ ಹತ್ತಿ ಇಳಿದು ಹೊರಟ ಜಾಗಕ್ಕೇ ಬಂದರೆ ಎತ್ತರದ ವ್ಯತ್ಯಾಸ ಸೊನ್ನೆ. ಅದಕ್ಕೇ ಇಲ್ಲಿ ಕರ್ಲ್ ಎಲ್ಲೂ ಇಲ್ಲ.

ಮೊದಲ ಹೆಜ್ಜೆಯ ತಟ್ಟೆಗಳಿಗೆ ವಾಪಸ್ ಹೋಗಿ. ಎಷ್ಟೋ ಚಿತ್ರಗಳಲ್ಲಿ ತಟ್ಟೆಗಳ ನಡುವೆ ನೇರ ಬಾಣಗಳು, ಅಂಚಿನಲ್ಲಿ ಕತ್ತರಿಸಿದಂತೆ ನಿಂತುಬಿಡುತ್ತವೆ. ಅಂಚಿನ ಬಳಿ ಒಂದು ಸುತ್ತು ಹಾಕಿ. ತಟ್ಟೆಗಳ ನಡುವೆ 3 ಮಿಲಿಮೀಟರ್ ನಡೆದಾಗ 9 ವೋಲ್ಟ್. ಹೊರಗಿಂದ ವಾಪಸ್ ಬರುವಾಗ ಕ್ಷೇತ್ರವೇ ಇಲ್ಲದಿದ್ದರೆ 0. ಒಟ್ಟು 9 ಉಳಿಯಿತು, ಅದು ಆಗುವಂತಿಲ್ಲ. ಅಂದರೆ ಹೊರಗೂ ಕ್ಷೇತ್ರ ಇರಲೇಬೇಕು. ತಟ್ಟೆಗಳ ಅಂಚಿನಲ್ಲಿ ಬಾಣಗಳು ಹೊರಕ್ಕೆ ಉಬ್ಬುವುದು ಇದಕ್ಕೇ.

ಈ ನಿಯಮ ಮುರಿಯುವುದು ಕಾಂತಕ್ಷೇತ್ರ ಬದಲಾಗುವಾಗ: ∇×E = −∂B/∂t. ಪ್ರಯೋಗಾಲಯದ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ. 230 ವೋಲ್ಟಿಗೆ 1150 ಸುತ್ತು ಇದ್ದರೆ ಒಂದು ಸುತ್ತಿಗೆ 0.2 ವೋಲ್ಟ್. ಇನ್ಸುಲೇಷನ್ ಇರುವ ತಂತಿಯನ್ನು ಕಬ್ಬಿಣದ ತಿರುಳಿನ ಸುತ್ತ ಒಂದು ಸಲ ಬಳಸಿ ಮೀಟರಿಗೆ ಸೇರಿಸಿದರೆ ಹತ್ತಿರ ಹತ್ತಿರ ಅಷ್ಟೇ ತೋರಿಸುತ್ತದೆ. ಈ ತಂತಿಯ ಬಳೆಯನ್ನು ಎಷ್ಟು ದೊಡ್ಡದು ಮಾಡಿದರೂ ಅದೇ 0.2. ಅದೇ ಬಳೆ ತಿರುಳನ್ನು ಸುತ್ತುವರಿಯದೆ ಸುಮ್ನೆ ಪಕ್ಕದಲ್ಲಿ ಕೂತಿದ್ದರೆ ಮುಳ್ಳು ಹೆಚ್ಚುಕಡಿಮೆ ಸೊನ್ನೆಯಲ್ಲೇ ನಿಲ್ಲುತ್ತದೆ. ತಂತಿಯ ಪ್ರಶ್ನೆಯಲ್ಲಿ ಕರೆಂಟ್ ಇದ್ದ ಜಾಗದಲ್ಲಿ ಇಲ್ಲಿ ಬದಲಾಗುವ ಕಾಂತಕ್ಷೇತ್ರ ಇದೆ, ಗಿರಗಿಟ್ಲೆ ತಿರುಗುವುದು ಕಬ್ಬಿಣದ ತಿರುಳಿನೊಳಗೆ ಮಾತ್ರ.